ದಾಕ್ಷಿಣ್ಯವಲ್ಲ, ಲೆಕ್ಕವೇ ಸೌಜನ್ಯ

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯವರೆಗೆ ಹಬ್ಬಿರುವ ಹೌಸಿಂಗ್ ಸೊಸೈಟಿಗಳಲ್ಲಿ ನೆರೆಹೊರೆಯ ಸಂಬಂಧ ಕೆಡುವುದು ಹೆಚ್ಚಾಗಿ ಎರಡು ವಿಷಯಕ್ಕೆ. ಒಂದು ನೀರು ಸೋರುವುದು, ಇನ್ನೊಂದು ಮೇಂಟೆನೆನ್ಸ್ ಬಾಕಿ. ಸೋರಿಕೆಗೆ ಪ್ಲಂಬರ್ ಇದ್ದಾನೆ. ಬಾಕಿಗೆ ಇರುವುದು ಒಂದು ಕಾಗದ ಮಾತ್ರ. ಆ ಕಾಗದವನ್ನು ಯಾವಾಗ, ಹೇಗೆ ಬರೆಯಬೇಕು ಎಂಬುದನ್ನು ನಮ್ಮ ಸಮಿತಿಗಳು ಇನ್ನೂ ಕಲಿತಿಲ್ಲ ಎಂಬುದು ಡೊಂಬಿವಲಿಯ 40 ಮನೆಗಳ ಸೊಸೈಟಿಯೊಂದರ ಖಜಾಂಚಿಯಾಗಿ ನನ್ನ ಅಭಿಪ್ರಾಯ.

ಈ ಭಾಗದ ಸಮಿತಿಗಳಲ್ಲಿ ಕನ್ನಡಿಗರು ಸಾಕಷ್ಟು ಇದ್ದೇವೆ. ಲೆಕ್ಕ ಗೊತ್ತು, ಬ್ಯಾಂಕಿನ ಕೆಲಸ ಗೊತ್ತು ಎಂದು ನಮ್ಮನ್ನು ಖಜಾಂಚಿ ಮಾಡುತ್ತಾರೆ. ಆದರೆ ನಮ್ಮ ಜೊತೆಗೆ ನಮ್ಮ ದಾಕ್ಷಿಣ್ಯವೂ ಬರುತ್ತದೆ. ಲಿಫ್ಟಿನಲ್ಲಿ ದಿನವೂ ಸಿಗುವವರ ಹತ್ತಿರ ದುಡ್ಡು ಕೇಳುವುದು ಹೇಗೆ ಎಂದು ಮೊದಲ ತಿಂಗಳು ಸುಮ್ಮನಿರುತ್ತೇವೆ, ಎರಡನೇ ತಿಂಗಳೂ ಸುಮ್ಮನಿರುತ್ತೇವೆ. ಮೂರನೇ ತಿಂಗಳು ವಾಚ್‌ಮನ್‌ಗಳ ಪಗಾರಕ್ಕೆ ಹಣ ಸಾಲದಾದಾಗ ಸಿಟ್ಟು ಬಂದು, ಬಾಕಿದಾರರ ಹೆಸರುಗಳನ್ನೆಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡುತ್ತಾರೆ. ಮೌನದಿಂದ ಸೀದಾ ಅವಮಾನಕ್ಕೆ ಜಿಗಿತ. ನಡುವೆ ಇರಬೇಕಾದ ನೆನಪಿನ ಪತ್ರವೇ ಇರುವುದಿಲ್ಲ.

ತಡವಾಗಿ ಕಟ್ಟುವವರಲ್ಲಿ ಹೆಚ್ಚಿನವರು ಕಟ್ಟಬಾರದೆಂದು ಕಟ್ಟದವರಲ್ಲ. ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರ ಉದಾಹರಣೆ ಹೇಳುತ್ತೇನೆ. ಅವರು ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿ ಕುಂದಾಪುರಕ್ಕೆ ಹೋದರೆ ಬರುವುದು ಮಳೆ ಹಿಡಿದ ಮೇಲೆ. ತ್ರೈಮಾಸಿಕದ ಬಿಲ್ 9,600 ರೂಪಾಯಿ ಮುಚ್ಚಿದ ಮನೆಯ ಅಂಚೆ ಡಬ್ಬಿಯಲ್ಲಿ ಬಿದ್ದಿತ್ತು. ಕಟ್ಟಲು ಕೊನೆಯ ದಿನ ಏಪ್ರಿಲ್ 30. ಜೂನ್ 14ರಂದು ಅವರ ಮಗ ಪುಣೆಯಿಂದ 9,600 ರೂಪಾಯಿ ಕಳುಹಿಸಿದ, ಫ್ಲ್ಯಾಟ್ ನಂಬರ್ ಬರೆಯದೆ. ಯಾರ ಹಣವೆಂದು ತಿಳಿಯದೆ ಅದು ಸಸ್ಪೆನ್ಸ್ ಖಾತೆಯಲ್ಲಿ ಕುಳಿತಿತು.

ಜುಲೈ ಬಿಲ್ಲಿನ ಹೊತ್ತಿಗೆ ಹಣ ಅವರದೆಂದು ಗೊತ್ತಾಗಿತ್ತು. ಆದರೂ ಬಿಲ್ಲಿನಲ್ಲಿ 249 ರೂಪಾಯಿ ಬಾಕಿ ಎಂದಿತ್ತು. ಹಿರಿಯರು ನೇರ ನನ್ನ ಮನೆಗೆ ಬಂದರು. "ಪೂರ್ತಿ ಕಟ್ಟಿದ್ದೇವಲ್ಲ ಮಾರಾಯ್ರೆ, ಇದು ಎಲ್ಲಿಂದ ಬಂತು?"

ಕೂತು ಲೆಕ್ಕ ತೋರಿಸಿದೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳು ಅನುಸರಿಸುತ್ತಾ ಬಂದಿರುವ ಮಾದರಿ ಉಪನಿಯಮಗಳ ಪ್ರಕಾರ ತಡವಾದ ಬಾಕಿಗೆ ವರ್ಷಕ್ಕೆ ಹೆಚ್ಚೆಂದರೆ ಶೇ. 21 ಸರಳ ಬಡ್ಡಿ ಹಾಕಬಹುದು. ಇದಕ್ಕಿಂತ ಕಡಿಮೆ ದರವನ್ನು ಸದಸ್ಯರ ಮಹಾಸಭೆ ಗೊತ್ತುಮಾಡಬಹುದು. ನಮ್ಮಲ್ಲಿ 21 ಇದೆ. 9,600 ರೂಪಾಯಿಗೆ ವರ್ಷಕ್ಕೆ 2,016, ಅಂದರೆ ದಿನಕ್ಕೆ ಸುಮಾರು ಐದೂವರೆ ರೂಪಾಯಿ. 45 ದಿನಕ್ಕೆ 249. ಬಂದ ಹಣವನ್ನು ಮೊದಲು ಬಡ್ಡಿಗೆ ಜಮಾ ಮಾಡಿ ಉಳಿದದ್ದನ್ನು ಅಸಲಿಗೆ ಹಿಡಿಯುವುದು ನಮ್ಮ ರೂಢಿ. ಹಾಗಾಗಿ ಅಸಲಿನಲ್ಲಿ 249 ಉಳಿಯಿತು. ಹಿರಿಯರು ಕೇಳಿ, "ಇಷ್ಟೇ ಆದರೆ ಮೊದಲೇ ಹೇಳಬಹುದಿತ್ತಲ್ಲ" ಎಂದರು. ಅವರ ಆಕ್ಷೇಪ ಹಣದ ಮೇಲಿರಲಿಲ್ಲ, ಯಾರೂ ಹೇಳದಿದ್ದುದರ ಮೇಲಿತ್ತು.

ಆ ಮಾತಿನಿಂದ ನಮ್ಮ ಪತ್ರ ಬದಲಾಯಿತು. ಮರಾಠಿ ಪತ್ರಗಳ ತಲೆಯಲ್ಲಿ 'ಸ.ನ.ವಿ.ವಿ.' ಎಂದು ಬರೆಯುವ ಚಂದದ ಪದ್ಧತಿಯಿದೆ. ಸಪ್ರೇಮ ನಮಸ್ಕಾರ, ವಿನಂತಿ ವಿಶೇಷ ಎಂದು ಅದರ ಅರ್ಥ. ಹಳೆಯ ನೋಟಿಸಿನಲ್ಲೂ ಅದಿತ್ತು. ಆದರೆ ಅದರ ಕೆಳಗೆ 'ತಕ್ಷಣ ಬಾಕಿ ಕಟ್ಟಿ, ಇಲ್ಲವಾದರೆ ಕ್ರಮ' ಎಂಬ ಒಂದೇ ಸಾಲು. ಎಷ್ಟು ಬಾಕಿ, ಯಾವ ಅವಧಿಯದು ಎಂಬುದಿರಲಿಲ್ಲ. ಈಗ ಕೊನೆಯ ದಿನ ಕಳೆದು ಹತ್ತು ದಿನಕ್ಕೆ, ಬಾಕಿಯಿರುವವರಿಗೆ ಮಾತ್ರ, ಮನೆಯ ಬಾಗಿಲಿಗೂ ಇ-ಮೇಲಿಗೂ ಹೋಗುವ ಪತ್ರದ ಕನ್ನಡ ರೂಪ ಇದು:

"ಸಪ್ರೇಮ ನಮಸ್ಕಾರ. ಏಪ್ರಿಲ್–ಜೂನ್ ಅವಧಿಯ ತಮ್ಮ ಬಿಲ್ ರೂ. 9,600. ಕಟ್ಟಲು ಏಪ್ರಿಲ್ 30 ಕೊನೆಯ ದಿನವಾಗಿತ್ತು. ಮೇ 20ರಂದು ಕಟ್ಟಿದರೆ 20 ದಿನಗಳ ಬಡ್ಡಿ ರೂ. 110 ಸೇರಿ ಒಟ್ಟು ರೂ. 9,710. ಹಣ ಕಳುಹಿಸುವಾಗ ಫ್ಲ್ಯಾಟ್ ನಂಬರ್ ನಮೂದಿಸಿ. ಈಗಾಗಲೇ ಕಟ್ಟಿದ್ದರೆ ದಿನಾಂಕ ಮತ್ತು ಯುಟಿಆರ್ ಸಂಖ್ಯೆ ತಿಳಿಸಿ, ಸರಿಪಡಿಸುತ್ತೇವೆ. ಲೆಕ್ಕದಲ್ಲಿ ಸಂದೇಹವಿದ್ದರೆ, ಅಥವಾ ಒಮ್ಮೆಗೇ ಕಟ್ಟಲು ಕಷ್ಟವಿದ್ದರೆ, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಆಫೀಸಿನಲ್ಲಿ ಸಿಗುತ್ತೇವೆ."

ಇದರಲ್ಲಿ ಬೆಣ್ಣೆಯ ಮಾತು ಇಲ್ಲ. ಓದಿದವರು ಯಾರನ್ನೂ ಕೇಳದೆ ಎಷ್ಟು ಕಟ್ಟಬೇಕೆಂದು ತಿಳಿಯಬಹುದು. ನನ್ನ ದೃಷ್ಟಿಯಲ್ಲಿ ಸೌಜನ್ಯವೆಂದರೆ ಅದೇ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಕೆಲವು ಬಿಲ್ಲುಗಳು ಹಿಂದಿನ ಬಡ್ಡಿಯನ್ನೂ ಬಾಕಿಯೊಳಗೆ ಸೇರಿಸಿ ಮತ್ತೆ ಅದರ ಮೇಲೆ ಬಡ್ಡಿ ಹಾಕುತ್ತವೆ. ಅದು ಚಕ್ರಬಡ್ಡಿ, ಉಪನಿಯಮ ಹೇಳುವ ಸರಳ ಬಡ್ಡಿಯಲ್ಲ. 9,600 ರೂಪಾಯಿ ಒಂದು ವರ್ಷ ನಿಂತರೆ ಸರಳ ಬಡ್ಡಿ 2,016. ತ್ರೈಮಾಸಿಕ ಚಕ್ರಬಡ್ಡಿಯಾದರೆ ಸುಮಾರು 2,180. ವ್ಯತ್ಯಾಸ 164 ರೂಪಾಯಿ, ಆದರೆ ಅದನ್ನು ಹಿಡಿದ ಸದಸ್ಯ ಮುಂದೆ ಯಾವ ಬಿಲ್ಲನ್ನೂ ನಂಬುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ ಅಸಲು ಬಾಕಿ, ಬಡ್ಡಿ ಬಾಕಿ ಬೇರೆ ಬೇರೆ ಸಾಲಿನಲ್ಲಿ ಇವೆಯೇ ನೋಡಿ. ಎರಡೂ ಒಂದೇ ಸಾಲಿನಲ್ಲಿದ್ದರೆ ಕೇಳುವ ಹಕ್ಕು ನಿಮಗಿದೆ.

ಮೃದುವಾಗಿ ಬರೆದರೆ ಯಾರೂ ಕಟ್ಟುವುದಿಲ್ಲ ಎನ್ನುವವರು ನಮ್ಮ ಸಮಿತಿಯಲ್ಲೂ ಇದ್ದಾರೆ. ನಲ್ಲಿ ಬಂದ್ ಮಾಡಿ ಎಂದು ಸಭೆಯಲ್ಲಿ ಕೂಗುವವರೂ ಇದ್ದಾರೆ. ನೀರು ನಿಲ್ಲಿಸುವುದು ಸಮಿತಿಯ ಕೈಯಲ್ಲಿರುವ ದಾರಿಯಲ್ಲ. ಕಾನೂನಿನ ದಾರಿ ಬೇರೆ ಇದೆ. ಮಹಾರಾಷ್ಟ್ರ ಸಹಕಾರ ಸಂಘಗಳ 1960ರ ಕಾಯ್ದೆಗೆ 2019ರಲ್ಲಿ ಹೌಸಿಂಗ್ ಸೊಸೈಟಿಗಳಿಗಾಗಿಯೇ ಪ್ರತ್ಯೇಕ ಅಧ್ಯಾಯ ಸೇರಿತು. ಅದರ 154ಬಿ-29ನೇ ಕಲಮಿನಡಿ ಸೊಸೈಟಿ ರಿಜಿಸ್ಟ್ರಾರರ ಬಳಿ ವಸೂಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅದು ಸಿಕ್ಕರೆ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಅರ್ಜಿಯ ಜೊತೆ ಸಮಿತಿಯ ಠರಾವು, ಖಾತೆಯ ಉತಾರೆ, ಕಳುಹಿಸಿದ ನೋಟಿಸುಗಳ ಪ್ರತಿ ಇಡಬೇಕಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ದಿನಾಂಕ ಮತ್ತು ಅಂಕಿ ಇರುವ ಆ ಮೃದುವಾದ ಪತ್ರವೇ. 'ಕ್ರಮ ಕೈಗೊಳ್ಳಲಾಗುವುದು' ಎಂಬ ಒಂದು ಸಾಲಿನ ಬೆದರಿಕೆಯಿಂದ ಏನನ್ನೂ ಸಾಬೀತು ಮಾಡಲಾಗದು.

ಬಡ್ಡಿ ಮನ್ನಾದ ಬಗ್ಗೆಯೂ ಒಂದು ಮಾತು. ಪರಿಚಯದವರಿಗೆ ಖಜಾಂಚಿ ಸದ್ದಿಲ್ಲದೆ ಬಡ್ಡಿ ಬಿಡುವುದು ಸೌಜನ್ಯವಲ್ಲ, ಸಮಯಕ್ಕೆ ಕಟ್ಟಿದವರಿಗೆ ಮಾಡಿದ ಅನ್ಯಾಯ. ನಮ್ಮಲ್ಲಿ ಆರು ಮನೆಗಳು ತಡ ಮಾಡಿದರೆ ಆ ತ್ರೈಮಾಸಿಕಕ್ಕೆ 57,600 ರೂಪಾಯಿ ಕೊರತೆ. ಲಿಫ್ಟಿನ ಕಂಪನಿಯಾಗಲಿ, ಮಹಾನಗರಪಾಲಿಕೆಯ ನೀರಿನ ಬಿಲ್ಲಾಗಲಿ ನಮಗಾಗಿ ಕಾಯುವುದಿಲ್ಲ. ಉಳಿದ 34 ಮನೆಗಳ ಹಣದಲ್ಲಿ ಅವನ್ನು ತುಂಬುತ್ತೇವೆ. ನಿಜವಾಗಿ ಕಷ್ಟದಲ್ಲಿರುವವರ ವಿಷಯವನ್ನು ಮಹಾಸಭೆಯ ಮುಂದೆ ಇಡಬೇಕು, ಕಂತಿನ ದಾರಿ ಹುಡುಕಬೇಕು.

ಊರಿಗೆ ಹೊರಟ ಓದುಗರು ಗ್ಯಾಸ್ ಬಂದ್ ಮಾಡಿ, ಬೀಗ ಹಾಕುವ ಮುಂಚೆ ಸೊಸೈಟಿಗೆ ಒಂದು ಇ-ಮೇಲ್ ವಿಳಾಸ ಕೊಟ್ಟು ಹೋಗಿ. ಸಮಿತಿಯಲ್ಲಿರುವವರು ಹತ್ತನೇ ದಿನವೇ ಬರೆಯಿರಿ. ತೊಂಬತ್ತನೇ ದಿನ ಎಷ್ಟೇ ನಯವಾಗಿ ಕೇಳಿದರೂ ಅದು ಜಗಳದಂತೆಯೇ ಕೇಳಿಸುತ್ತದೆ.