ಗೇಮ್‌ಗೆ 8 ಜಿಬಿ ಇನ್ನೂ ಸಾಕೇ?

2025ರ ಏಪ್ರಿಲ್‌ನಲ್ಲಿ ಎನ್ವಿಡಿಯಾ ತನ್ನ ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡನ್ನು ಎರಡು ರೂಪದಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಚಿಪ್ ಒಂದೇ. ಆದರೆ ಒಂದರಲ್ಲಿ 8 ಜಿಬಿ ಮೆಮೊರಿ, ಇನ್ನೊಂದರಲ್ಲಿ 16 ಜಿಬಿ. ಅಂದಿನಿಂದ ಪುಣೆಯ ಆಫೀಸಿನಲ್ಲೂ, ಊರಿಂದ ತಮ್ಮ ಫೋನ್ ಮಾಡಿದಾಗಲೂ ನನಗೆ ಎದುರಾಗುವ ಪ್ರಶ್ನೆ ಒಂದೇ: ಅಗ್ಗದ 8 ಜಿಬಿ ಸಾಕಾಗುವುದಿಲ್ಲವೇ?

ಉತ್ತರ ಸಣ್ಣ ಲೆಕ್ಕದಲ್ಲಿದೆ. ಗೇಮ್‌ನಲ್ಲಿ ಕಾಣುವ ಗೋಡೆ, ಬಟ್ಟೆ, ಮುಖದ ಮೇಲೆ ಹೊದಿಸಿದ ಚಿತ್ರವೇ ಟೆಕ್ಸ್ಚರ್. ಉದ್ದಗಲ 4096 ಚುಕ್ಕಿಗಳಿರುವ ಒಂದು ಟೆಕ್ಸ್ಚರ್ ಹಾಗೇ ಇಟ್ಟರೆ 64 ಎಂಬಿ. ಬಿಸಿ7 ವಿಧಾನದಲ್ಲಿ ಕುಗ್ಗಿಸಿದರೆ 16 ಎಂಬಿ. ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳೂ ಸೇರಿದರೆ ಸುಮಾರು 21 ಎಂಬಿ. ಬಣ್ಣಕ್ಕೆ, ಉಬ್ಬುತಗ್ಗಿಗೆ, ಹೊಳಪಿಗೆ ಒಂದೊಂದು ಎಂದರೆ ಒಂದು ಗೋಡೆಗೇ 64 ಎಂಬಿ. ಇಂಥ ನೂರು ಮೇಲ್ಮೈಗಳಿಗೆ 6.4 ಜಿಬಿ ಬೇಕು. ವಿಂಡೋಸ್, ಪರದೆಯ ಚಿತ್ರ, ರೇ ಟ್ರೇಸಿಂಗ್ ಎಲ್ಲಕ್ಕೂ ಅದೇ 8 ಜಿಬಿಯಲ್ಲಿ ಜಾಗ ಆಗಬೇಕು. ಟೆಕ್ಸ್ಚರನ್ನು ಒಂದು ಮೆಟ್ಟಿಲು ಇಳಿಸಿ 2048 ಮಾಡಿದರೆ ಅದೇ ನೂರು ಮೇಲ್ಮೈಗಳು 1.6 ಜಿಬಿಯಲ್ಲಿ ಮುಗಿಯುತ್ತವೆ.

ಮೆಮೊರಿ ತುಂಬುವವರೆಗೆ ಒಳ್ಳೆಯ ಟೆಕ್ಸ್ಚರ್ ಹಾಕಿದರೂ ವೇಗ ಹೆಚ್ಚುಕಡಿಮೆ ಇಳಿಯುವುದೇ ಇಲ್ಲ. ತುಂಬಿದ ಕ್ಷಣ ಉಳಿದದ್ದು ಕಂಪ್ಯೂಟರಿನ ರ್‍ಯಾಮ್‌ಗೆ ಹೋಗುತ್ತದೆ. 5060 ಟಿಐ ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಓದುತ್ತದೆ. ಹಳೆಯ ಪಿಸಿಐಇ 3.0 ಮದರ್‌ಬೋರ್ಡಿನಲ್ಲಿ ರ್‍ಯಾಮ್‌ನಿಂದ ತರಿಸಿಕೊಳ್ಳುವ ವೇಗ ಸುಮಾರು 8 ಜಿಬಿ ಮಾತ್ರ. ಹಾಗಾಗಿ ಸರಾಸರಿ ಫ್ರೇಮ್‌ರೇಟ್ ಚೆನ್ನಾಗಿ ಕಂಡರೂ ತಿರುಗಿದಾಗಲೆಲ್ಲ ಆಟ ಜಗ್ಗುತ್ತದೆ. ಕೆಲವು ಗೇಮ್‌ಗಳು ಜಗ್ಗುವ ಬದಲು ಟೆಕ್ಸ್ಚರನ್ನೇ ಮಸುಕಾಗಿಸುತ್ತವೆ. ಫ್ರೇಮ್‌ರೇಟ್ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ.

ತಪ್ಪೆಲ್ಲ ಕಾರ್ಡಿನದೂ ಅಲ್ಲ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1' ಗೇಮ್‌ನಲ್ಲಿ ಮೀಡಿಯಂ ಟೆಕ್ಸ್ಚರ್ ನೋಡಲಾಗದಷ್ಟು ಮಸುಕಾಗಿತ್ತು. ನಂತರದ ಅಪ್‌ಡೇಟ್‌ಗಳಲ್ಲಿ ಅದೇ ಮೀಡಿಯಂ ಸುಧಾರಿಸಿತು. ಕಾರ್ಡ್ ಬದಲಾಗಿರಲಿಲ್ಲ.

ನಿಮ್ಮ ಕಾರ್ಡಿನ ಸ್ಥಿತಿ ತಿಳಿಯಲು ಗೇಮ್ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟ ನೋಡಿ. `Dedicated GPU memory` ತುಂಬಿ ನಿಂತು, `Shared GPU memory` ಏರುತ್ತಾ ಹೋದರೆ ಜಾಗ ಮುಗಿದಿದೆ ಎಂದರ್ಥ. ಆಗ ಮೊದಲು ಇಳಿಸಬೇಕಾದದ್ದು ಟೆಕ್ಸ್ಚರ್ ಸೆಟ್ಟಿಂಗ್, ಅದೂ ಒಂದೇ ಮೆಟ್ಟಿಲು. 1080ಪಿ ಪರದೆಯಲ್ಲಿ ಇರುವುದೇ ಸುಮಾರು 20 ಲಕ್ಷ ಚುಕ್ಕಿ, ತೀರಾ ಹತ್ತಿರ ಹೋಗದ ಹೊರತು ವ್ಯತ್ಯಾಸ ಕಾಣದು.

ಆದ್ದರಿಂದ 8 ಜಿಬಿ ಕಾರ್ಡ್ ಈಗಾಗಲೇ ಇದ್ದು, 1080ಪಿಯಲ್ಲಿ ಆಡುವವರು ಅದನ್ನು ಮಾರಬೇಕಿಲ್ಲ. 1440ಪಿ, ರೇ ಟ್ರೇಸಿಂಗ್, ಫ್ರೇಮ್ ಜನರೇಷನ್ ಬೇಕೆಂದು ಹೊಸದು ಕೊಳ್ಳುವವರು 16 ಜಿಬಿಯದನ್ನೇ ಕೊಳ್ಳಲಿ. ಇವು ಮೂರೂ ಅದೇ ಮೆಮೊರಿಯಲ್ಲಿ ಪಾಲು ಕೇಳುತ್ತವೆ. ಗ್ರಾಫಿಕ್ಸ್ ಕಾರ್ಡಿಗೆ ಆಮೇಲೆ ಮೆಮೊರಿ ಸೇರಿಸಲು ಬರುವುದಿಲ್ಲ.