ರಾಜೀನಾಮೆ ಪತ್ರದಲ್ಲೂ ಅಮಾನತ್ ಉಂಟು

ಕಳೆದ ಡಿಸೆಂಬರ್‌ನಲ್ಲಿ ಒಂದು ಇಶಾ ನಮಾಝಿನ ನಂತರ ನಮ್ಮ ಮೊಹಲ್ಲಾದ ಒಬ್ಬ ಇಂಜಿನಿಯರ್ ಯುವಕ ಕಾಗದವೊಂದನ್ನು ನಮ್ಮ ಕೈಗಿಟ್ಟ. "ಉಸ್ತಾದ್, ಇದನ್ನೊಮ್ಮೆ ಓದಿ. ಕೊಡಬಹುದಾ ಹೇಳಿ" ಅಂದ. ಹನ್ನೊಂದು ವರ್ಷ ದುಡಿದ ಕಂಪೆನಿಗೆ ಬರೆದ ರಾಜೀನಾಮೆ ಪತ್ರ ಅದು. ಲೇತ್ ಯಂತ್ರ ಇಟ್ಟು, ಮೀನುಗಾರಿಕಾ ಬೋಟುಗಳ ಪ್ರೊಪೆಲ್ಲರ್ ಶಾಫ್ಟಿಗೆ ಬೇಕಾದ ಬುಷ್ ತಯಾರಿಸುವುದು ಅವನ ಯೋಜನೆ. ಉಮ್ಮನಿಗೆ ಮಾತ್ರ ನಿದ್ದೆಯಿಲ್ಲ. ತಿಂಗಳ ಸಂಬಳ ಬಿಟ್ಟು ಇದೇನು ಹುಚ್ಚು ಅಂತ ಅವರ ಪ್ರಶ್ನೆ.

ಪತ್ರ ಎರಡು ಪುಟ ಇತ್ತು. ಅರ್ಧಕ್ಕರ್ಧ ಮ್ಯಾನೇಜರ್ ಮೇಲಿನ ದೂರು. ಕೊನೆಯಲ್ಲಿ "ಆರೋಗ್ಯದ ಕಾರಣ ತಕ್ಷಣ ಬಿಡುತ್ತಿದ್ದೇನೆ" ಎಂಬ ಸಾಲು. ಅವನ ಆರೋಗ್ಯಕ್ಕೆ ಏನೂ ಆಗಿರಲಿಲ್ಲ! ಇದು ಬೇಡ ಎಂದೆವು. ಕಾರಣ ಹೇಳಲೇಬೇಕೆಂದಿಲ್ಲ, ಆದರೆ ಹೇಳಿದ ಕಾರಣ ಸುಳ್ಳಾಗಬಾರದು. "ಸ್ವಂತ ಕೆಲಸ ಶುರು ಮಾಡುತ್ತಿದ್ದೇನೆ" ಎಂದು ಒಂದು ಸಾಲು ಬರೆದರೆ ಸಾಕು. ದೂರು ಇದ್ದರೆ ಎದುರು ಕೂತು ಹೇಳಬಹುದು. ಕಡತದಲ್ಲಿ ಉಳಿಯುವ ಕಾಗದಕ್ಕೆ ಅದು ಬೇಡ.

ಮತ್ತೆ ಅವನ ನೇಮಕಾತಿ ಪತ್ರ ತರಿಸಿ ನೋಡಿದೆವು. ಬಿಡುವುದಾದರೆ 90 ದಿನ ಮುಂಚೆ ತಿಳಿಸಬೇಕು, ಇಲ್ಲದಿದ್ದರೆ ಉಳಿದ ದಿನಗಳ ಸಂಬಳ ಕಡಿತ ಎಂದು ಅದರಲ್ಲಿದೆ. ಸಹಿ ಅವನದೇ. ಕರಾರನ್ನು ಪೂರ್ತಿ ಮಾಡಬೇಕೆಂಬ ಆದೇಶದಿಂದಲೇ ಅಲ್-ಮಾಇದ ಸೂರಾ ಆರಂಭವಾಗುತ್ತದೆ. ಕೆಲಸಕ್ಕೆ ಸೇರುವಾಗಿನ ಕರಾರು ಬಿಡುವಾಗಲೂ ಕರಾರೇ.

ಈ 90 ದಿನದ ಲೆಕ್ಕ ವ್ಯಾಪಾರಕ್ಕೂ ಮುಖ್ಯ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮರಳು ಬೆರೆತ ನೀರಿನಲ್ಲಿ ತಿರುಗಿ ತಿರುಗಿ ಬುಷ್ ಸವೆಯುತ್ತದೆ. ಶಾಫ್ಟ್ ಅಲುಗಾಡಿ ಬೋಟು ನಡುಗತೊಡಗಿದಾಗ ಅದು ಗೊತ್ತಾಗುತ್ತದೆ. ಆದರೆ ಬಿಚ್ಚಿ ಬದಲಿಸಲು ಬೋಟು ದಡಕ್ಕೆ ಬರಬೇಕು, ಹಾಗಾಗಿ ಕೆಲಸವೆಲ್ಲ ಆ ಎರಡೇ ತಿಂಗಳಲ್ಲಿ. ಬೋನಸ್ ಸಿಗಲಿ, ಮಾರ್ಚ್ ಕೊನೆಗೆ ಪತ್ರ ಕೊಡ್ತೇನೆ ಅಂತ ಅವನ ಆಲೋಚನೆ ಇತ್ತು. ಹಾಗೆ ಮಾಡಿದರೆ ಬಿಡುಗಡೆ ಜೂನ್ ಕೊನೆಗೆ, ಯಂತ್ರ ಕೂರಿಸುವಾಗ ಬೋಟುಗಳು ನೀರಿಗಿಳಿದಿರುತ್ತವೆ! ಜನವರಿ 1ಕ್ಕೆ ಕೊಟ್ಟರೆ ಮಾರ್ಚ್ 31ಕ್ಕೆ ಬಿಡುಗಡೆ. ಮೆಸ್ಕಾಂನ ತ್ರೀ-ಫೇಸ್ ಸಂಪರ್ಕಕ್ಕೆ, ಪರವಾನಗಿಗೆ, ಯಂತ್ರ ಕೂರಿಸುವುದಕ್ಕೆ ಏಪ್ರಿಲ್, ಮೇ ಸಿಗುತ್ತದೆ. ಆಮೇಲೂ ಕೈಗೆ ಹಣ ಬರುವುದು ಬೋಟಿನವರು ಆಗಸ್ಟ್‌ನಲ್ಲಿ ಕಡಲಿಗಿಳಿದು ಮೀನು ಮಾರಿದ ಮೇಲೆ. ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳ ಮನೆ ಖರ್ಚು ಬೇರೆ ತೆಗೆದಿಡಬೇಕು. ಉಮ್ಮನ ಪ್ರಶ್ನೆಗೆ ಉತ್ತರ ಈ ಹಣ, ಬರೀ ಧೈರ್ಯ ಅಲ್ಲ.

ಅದಕ್ಕೆ ದಾರಿಯೂ ಪತ್ರದಲ್ಲೇ ಇತ್ತು, ಅವನು ಬರೆದಿರಲಿಲ್ಲ ಅಷ್ಟೆ. ಐದು ವರ್ಷ ಮೀರಿದ ಸೇವೆಗೆ ಗ್ರಾಚ್ಯುಟಿ ಹಕ್ಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. ಅವನದು 52,000. ಒಂದು ವರ್ಷಕ್ಕೆ 30,000, ಹನ್ನೊಂದು ವರ್ಷಕ್ಕೆ 3,30,000 ರೂಪಾಯಿ. ಇದನ್ನು ಯಂತ್ರಕ್ಕೆ ಹಾಕದೆ ಮನೆಗಿಡು ಎಂದೆವು.

ಇನ್ನೊಂದು ವಿಷಯ ಅವನೇ ಮೆಲ್ಲಗೆ ಹೇಳಿದ. ಕಂಪೆನಿಯ ಕೆಲವು ಡ್ರಾಯಿಂಗ್‌ಗಳು ಅವನ ಪೆನ್‌ಡ್ರೈವ್‌ನಲ್ಲಿದ್ದವು. "ನಾನೇ ಬರೆದದ್ದಲ್ವಾ ಉಸ್ತಾದ್?" ಅಂದ. ಬರೆದದ್ದು ನೀನು, ಬರೆಯಲು ಸಂಬಳ ಕೊಟ್ಟದ್ದು ಅವರು. ಕೈಯ ಕಸುಬು, ತಲೆಯ ಅನುಭವ ನಿನ್ನದು, ಅದನ್ನು ತೆಗೆದುಕೊಂಡು ಹೋಗು. ಕಾಗದ ಅಮಾನತ್, ಅದನ್ನು ಹಿಂದೆ ಕೊಡು. ಕದ್ದ ಡ್ರಾಯಿಂಗ್‌ನಿಂದ ಶುರುವಾದ ಲೇತ್‌ನಲ್ಲಿ ಬರಕತ್ ಎಲ್ಲಿಂದ?

ಗಲ್ಫ್‌ನಲ್ಲಿರುವ ಭಾವ ಆರು ಲಕ್ಷ ಕೊಡಲು ಒಪ್ಪಿದ್ದರು. ಅಸಲು ಭದ್ರ, ಜೊತೆಗೆ ತಿಂಗಳಿಗೆ ಹತ್ತು ಸಾವಿರ ಎಂದು ಬಾಯಿಮಾತು. ಲಾಭವಾಗಲಿ ನಷ್ಟವಾಗಲಿ ಕೊಡಲೇಬೇಕಾದ ಆ ಹತ್ತು ಸಾವಿರ ಬಡ್ಡಿಯೇ, ಹೆಸರು ಬೇರೆ ಅಷ್ಟೆ. ಒಂದೋ ಬಡ್ಡಿಯಿಲ್ಲದ ಸಾಲ, ಅಲ್ಲವೇ ಪಾಲುದಾರಿಕೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಪಾಲುದಾರರ ಲಾಭವೂ ನಷ್ಟವೂ ಬಂಡವಾಳದ ಪ್ರಮಾಣದಲ್ಲೇ. ಭಾವ ಸಾಲವನ್ನೇ ಆರಿಸಿದರು. ಮರಳಿಸುವ ಅವಧಿ ಬರೆದು, ಸಾಕ್ಷಿ ಹಾಕಿಸಿ ಎಂದೆವು. ಸಾಲವನ್ನು ಬರೆದಿಡಬೇಕೆಂದು ಅಲ್-ಬಕರ ಸೂರಾದ 282ನೇ ಸೂಕ್ತ ಕಲಿಸುತ್ತದೆ. ಸಂಬಂಧಿಕರಿಗೆ ಅದರಲ್ಲಿ ವಿನಾಯಿತಿ ಇಲ್ಲ.

ಕೊನೆಗೆ ಪತ್ರ ಅರ್ಧ ಪುಟಕ್ಕಿಳಿಯಿತು. ಬಿಡುವ ತೀರ್ಮಾನ, ಕೊನೆಯ ದಿನ ಮಾರ್ಚ್ 31, ಹಸ್ತಾಂತರಿಸುವ ಕೆಲಸ ಮತ್ತು ಸಾಮಾನುಗಳ ಪಟ್ಟಿ, ಗ್ರಾಚ್ಯುಟಿ, ಬಾಕಿ ಲೆಕ್ಕ, ಅನುಭವ ಪತ್ರಕ್ಕೆ ಮನವಿ, ಒಂದು ಕೃತಜ್ಞತೆ. ಜನವರಿ 1ರಂದು ಅವನು ಅದನ್ನು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆದು ಬಂದ.

ಬುಷ್ ಮಾರಾಟ ಆಗ್ತದಾ, ಇಲ್ಲವಾ ಎಂದು ಹೇಳಲು ನಾವು ಯಾರು? ಅದು ಅಲ್ಲಾಹನ ಕೈಯಲ್ಲಿದೆ. ಆದರೆ ಸೋತರೂ ಆ ಕಂಪೆನಿಯ ಗೇಟಿನಲ್ಲಿ ಅವನು ತಲೆಯೆತ್ತಿ ನಿಲ್ಲಬಹುದು.