ಅರ್ಧ ಸೈಜಿನ ಅರ್ಧಸತ್ಯ

ನಮ್ಮ ಊರಿನಲ್ಲಿಯೂ ಬೆಂಗಳೂರಿನಲ್ಲಿಯೂ ಪಾದರಕ್ಷೆಯ ಅಂಗಡಿಗೆ ಹೋಗಿ, “ಮುಂದೆ ಬಿಗಿಯಾಗುತ್ತದೆ” ಎಂದು ಹೇಳಿ ನೋಡಿರಿ. ಉತ್ತರ ಸಿದ್ಧವಾಗಿರುತ್ತದೆ: “ಅರ್ಧ ಸೈಜು ಮೇಲೆ ತಗೊಳ್ಳಿ ಸಾರ್, ಸರಿಹೋಗುತ್ತೆ.” ಗಣಿತ ಕಲಿಸಿದವನಾಗಿಯೂ ನಾನು ಈ ಮಾತನ್ನು ಲೆಕ್ಕ ಹಾಕದೆ ನಂಬಿದೆ. ಎರಡು ತಿಂಗಳು ಹಿಮ್ಮಡಿಯ ಬೊಬ್ಬೆಯೊಡನೆ ಅದರ ದಂಡ ತೆತ್ತೆ. ಆದುದರಿಂದ ಈ ತಕರಾರು.

ಬಿಗಿಯಾಗುವುದು ಎಲ್ಲಿ ಎಂಬುದನ್ನು ಮೊದಲು ಕೇಳಬೇಕು. ಹೆಬ್ಬೆರಳಿನ ಬುಡದ ಗಂಟಿನಿಂದ ಕಿರುಬೆರಳಿನ ಬುಡದ ಗಂಟಿನವರೆಗೆ ಪಾದದ ಅತಿ ಅಗಲವಾದ ಭಾಗವಿದೆ. ನಡೆಯುವಾಗ ಪಾದ ಮಡಿಚುವುದೂ ಅಲ್ಲಿಯೇ. ಆ ಎರಡು ಗಂಟುಗಳ ಮೇಲಿನಿಂದ, ಅಂಗಾಲಿನ ಅಡಿಯಿಂದ ಟೇಪು ಸುತ್ತಿದರೆ ಬರುವ ಅಳತೆಯೇ ಪಾದದ ಮುಂಭಾಗದ ಸುತ್ತಳತೆ. ನಮ್ಮ ಪೆಟ್ಟಿಗೆಗಳ ಮೇಲೆ ಬಹುಮಟ್ಟಿಗೆ ಉದ್ದದ ಸಂಖ್ಯೆ ಮಾತ್ರ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಅದರ ಪಕ್ಕದಲ್ಲಿ ಅಗಲವನ್ನು ಸೂಚಿಸುವ ಅಕ್ಷರವೂ ಇರಬಹುದು. ಗಂಡಸರಿಗೆ ‘ಡಿ’ ಸಾಮಾನ್ಯ, ‘2ಇ’ ಅಗಲ, ‘4ಇ’ ಇನ್ನೂ ಅಗಲ. ಹೆಂಗಸರಿಗೆ ‘ಬಿ’ ಸಾಮಾನ್ಯವಾದುದರಿಂದ ಅವರ ಪೆಟ್ಟಿಗೆಯ ‘ಡಿ’ ಅಗಲದ್ದಾಗುತ್ತದೆ! ಒಂದೇ ಅಕ್ಷರ, ಎರಡು ಅರ್ಥ. ಬ್ರಿಟಿಷ್ ತಯಾರಕರ ಅಕ್ಷರಗಳು ಮತ್ತೂ ಬೇರೆ.

ಈಗ ಲೆಕ್ಕಕ್ಕೆ ಬರೋಣ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜು ಎಂದರೆ ಅಂಗುಲದ ಮೂರನೆಯ ಒಂದು ಭಾಗ. ಅರ್ಧ ಸೈಜಿಗೆ ಸುಮಾರು 4 ಮಿಲಿಮೀಟರ್ ಉದ್ದ ಹೆಚ್ಚುತ್ತದೆ. ಅದರ ಜೊತೆಗೆ ಸುತ್ತಳತೆಯೂ ಹೆಚ್ಚುತ್ತದೆ, ಆದರೆ ರೂಢಿಯ ಪ್ರಕಾರ ಸುಮಾರು 3 ಮಿಲಿಮೀಟರ್ ಮಾತ್ರ. ಉದ್ದವನ್ನು ಬದಲಿಸದೆ ಅಕ್ಷರವನ್ನು ಒಂದು ಮೆಟ್ಟಿಲು ಏರಿಸಿದರೆ ಸುತ್ತಳತೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ‘ಡಿ’ಯಿಂದ ‘ಇ’, ‘ಇ’ಯಿಂದ ‘2ಇ’ ಎಂದು ಎರಡು ಮೆಟ್ಟಿಲು, ಒಟ್ಟು 12. ಅಷ್ಟನ್ನೇ ಉದ್ದದ ದಾರಿಯಲ್ಲಿ ಪಡೆಯಬೇಕೆಂದರೆ ನಾಲ್ಕು ಅರ್ಧ ಸೈಜು ಏರಬೇಕು. ಆಗ ಷೂ 17 ಮಿಲಿಮೀಟರ್ ಉದ್ದವಾಗಿರುತ್ತದೆ. ತಂದೆಯ ಷೂ ತೊಟ್ಟ ಮಗುವಿನಂತೆ ನಡೆಯಬೇಕಾಗುತ್ತದೆ.

ನನ್ನ ಕಥೆ ಇಷ್ಟೇ. ಸಂಜೆಯ ನಡಿಗೆಗೆಂದು ವಿದೇಶೀ ಮಾದರಿಯ 8ನೆಯ ಅಳತೆಯ ಷೂ ಕೊಂಡಿದ್ದೆ. ಬೆರಳ ತುದಿಯ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿತ್ತು, ಅಂದರೆ ಉದ್ದ ಸರಿಯಾಗಿಯೇ ಇತ್ತು. ಆದರೆ ಕಿರುಬೆರಳಿನ ಗಂಟು ಬಟ್ಟೆಯನ್ನು ಉಬ್ಬಿಸಿಕೊಂಡು ಅಟ್ಟೆಯ ಅಂಚಿನಾಚೆ ಚಾಚಿತ್ತು. ಅಂಗಡಿಯವನ ಸಲಹೆಯಂತೆ ಎಂಟೂವರೆಗೆ ಬದಲಿಸಿದೆ. ಗಂಟಿನ ಬಿಗಿ ತುಸು ಸಡಿಲವಾಯಿತೇ ಹೊರತು ಹೋಗಲಿಲ್ಲ. ಹೊಸ ಕಾಟ ಬೇರೆ ಕಡೆ ಶುರುವಾಯಿತು. ಷೂ ಮಡಿಚಬೇಕಾದ ಸ್ಥಳ ನನ್ನ ಗಂಟಿಗಿಂತ ಮುಂದಕ್ಕೆ ಸರಿದು, ಮೇಲಿನ ಸುಕ್ಕು ಬೆರಳುಗಳನ್ನು ಒತ್ತತೊಡಗಿತು. ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆದ್ದು ಜಾರಿತು. ಲಾಡಿ ಬಿಗಿದರೆ ಪಾದದ ಬೆನ್ನು ನೋಯುತ್ತಿತ್ತು. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ದೂರವಾಣಿಯಲ್ಲಿ ಕೇಳಿ ನಕ್ಕ: “ಸೋದರಮಾವ, ನಿಮಗೆ ಬೇಕಾದದ್ದು ಉದ್ದವಲ್ಲ.” ಅದೇ ಮಾದರಿಯ, ಅದೇ 8ರ ‘2ಇ’ ಜೋಡಿಯನ್ನು ಬರುವಾಗ ತಂದುಕೊಟ್ಟ. ಗಂಟು ಒಳಗೆ ನೆಲೆ ನಿಂತಿತು, ಹಿಮ್ಮಡಿಯೂ ಸುಮ್ಮನಾಯಿತು.

ನೀವೇ ಪರೀಕ್ಷಿಸಿಕೊಳ್ಳಬಹುದು. ದಿನವಿಡೀ ನಡೆದು ಪಾದ ತುಸು ಊದಿರುವ ಸಂಜೆಯಲ್ಲಿ, ಕುಳಿತಲ್ಲ, ಮೈಭಾರ ಬಿಟ್ಟು ನಿಂತು ಅಳೆಯಿಸಿಕೊಳ್ಳಿ. ಬಗ್ಗಿ ಸ್ವತಃ ಅಳೆದರೆ ಭಾರ ಓರೆಯಾಗುತ್ತದೆ, ಮನೆಯವರಿಗೆ ಟೇಪು ಕೊಡಿ. ಎರಡೂ ಪಾದಗಳನ್ನು ಅಳೆದು ದೊಡ್ಡದನ್ನೇ ಹಿಡಿಯಿರಿ. ಅಂಗಡಿಯಲ್ಲಿ ಷೂವಿನ ಒಳ ಅಟ್ಟೆ ಹೊರಬರುವಂತಿದ್ದರೆ ತೆಗೆದು ಅದರ ಮೇಲೆ ನಿಂತು ನೋಡಿ. ಬೆರಳ ಮುಂದೆ ಜಾಗವಿದ್ದು, ಪಕ್ಕದಲ್ಲಿ ಪಾದ ಹೊರಚೆಲ್ಲಿದರೆ ದೋಷ ಅಗಲದ್ದು. ಬೆರಳ ತುದಿಯೇ ಅಂಚು ಮುಟ್ಟುತ್ತಿದ್ದರೆ, ವಿಶೇಷವಾಗಿ ಎರಡನೆಯ ಬೆರಳು ಉದ್ದವಿರುವವರಿಗೆ, ಅರ್ಧ ಸೈಜಿನ ಸಲಹೆ ಆಗ ನ್ಯಾಯವಾದುದೇ. ಬಿಗಿ ಪಾದದ ಬೆನ್ನಿನಲ್ಲಿ ಮಾತ್ರವಿದ್ದರೆ ಲಾಡಿಯ ಒಂದು ಅಡ್ಡಹೆಣಿಗೆಯನ್ನು ಬಿಟ್ಟು ಕಟ್ಟಿ ನೋಡಿ, ಹೊಸ ಷೂವೇ ಬೇಡವಾಗಬಹುದು.

ಆದರೆ ಅಕ್ಷರವನ್ನೂ ಕುರುಡಾಗಿ ನಂಬಬೇಡಿ. ಪ್ರತಿ ತಯಾರಕನೂ ತನ್ನದೇ ಅಚ್ಚಿನ ಮೇಲೆ ಷೂ ಹೊಲಿಯುತ್ತಾನೆ, ಆದ್ದರಿಂದ ಒಬ್ಬನ ‘2ಇ’ ಇನ್ನೊಬ್ಬನ ‘ಡಿ’ಗಿಂತ ಬಹಳ ದೊಡ್ಡದಾಗಿ ಇರದೆಯೂ ಹೋಗಬಹುದು. ನನ್ನ ಕೋಪ ಅಂಗಡಿಯ ಹುಡುಗನ ಮೇಲಲ್ಲ. ಅವನ ಕಪಾಟಿನಲ್ಲಿ ಇರುವುದು ಒಂದೇ ಅಗಲ, ಆದುದರಿಂದ ಅವನು ಕೊಡಬಲ್ಲ ಪರಿಹಾರ ಉದ್ದ ಒಂದೇ. “ನಿಮ್ಮ ಅಗಲದ್ದು ನಮ್ಮಲ್ಲಿಲ್ಲ” ಎಂದು ಅವನ ಯಜಮಾನ ಅವನಿಗೆ ಹೇಳಲು ಬಿಟ್ಟಿದ್ದರೆ, ಹಳೆಯ ಚಪ್ಪಲಿಯಲ್ಲೇ ಇನ್ನೆರಡು ತಿಂಗಳು ನಡೆದುಕೊಂಡಿರುತ್ತಿದ್ದೆ.